ಮೂರು ಬಾಗಿಲು, ಒಂದು ಕಾರು: ಫಿಫ್ಟಿ-ಫಿಫ್ಟಿ ಯಾಕಲ್ಲ?

"ಮೂರು ಬಾಗಿಲಲ್ಲಿ ಒಂದನ್ನ ತೆಗೆದು ಮೇಕೆ ತೋರಿಸಿಬಿಟ್ರು. ಉಳಿದಿದ್ದು ಎರಡೇ. ಒಂದರ ಹಿಂದೆ ಕಾರು, ಇನ್ನೊಂದರ ಹಿಂದೆ ಮೇಕೆ. ಹಾಗಾದ್ರೆ ಫಿಫ್ಟಿ-ಫಿಫ್ಟಿ ತಾನೇ ಮೇಡಂ? ಬಾಗಿಲು ಬದಲಾಯಿಸಿದ್ರೆ ಏನು ಜಾಸ್ತಿ ಸಿಗುತ್ತೆ?"

ರಾಜಾಜಿನಗರದಲ್ಲಿ ನಾನು ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಸಂಭವನೀಯತೆಯ ಪಾಠ ಶುರುವಾದರೆ ಸಾಕು, ಮಾಂಟಿ ಹಾಲ್ ಒಗಟಿನ ಈ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳಿಗಿಂತ ಜಾಸ್ತಿ ಹಟ ಹಿಡಿಯುವವರು ಅವರನ್ನು ಕರೆದುಕೊಂಡು ಹೋಗಲು ಬರುವ ಸಾಫ್ಟ್‌ವೇರ್ ಅಪ್ಪಂದಿರು. ಬೇಯ್ಸ್ ಸೂತ್ರ ಬರೆದು ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ನಾನು ಸುಮ್ನೆ ಎಣಿಸಿ ತೋರಿಸುತ್ತೇನೆ.

ಮೊದಲು ಆಟದ ನಿಯಮ. ಇದೊಂದು ಟಿವಿ ಆಟ ಅಂದುಕೊಳ್ಳಿ: ಮುಚ್ಚಿದ ಮೂರು ಬಾಗಿಲು, ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆ, ಕೊನೆಗೆ ನೀವು ಆರಿಸಿದ ಬಾಗಿಲ ಹಿಂದೆ ಇದ್ದದ್ದು ನಿಮ್ಮದು. ಕಾರು ಯಾವ ಬಾಗಿಲ ಹಿಂದೆ ಬೇಕಾದರೂ ಇರಬಹುದು, ಮೂರಕ್ಕೂ ಸಮಾನ ಅವಕಾಶ. ನೀವು ಒಂದು ಬಾಗಿಲು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ನಿರೂಪಕನಿಗೆ ಗೊತ್ತು. ನೀವು ಆರಿಸಿದ್ದನ್ನು ಬಿಟ್ಟು, ಮೇಕೆ ಇರುವ ಇನ್ನೊಂದು ಬಾಗಿಲನ್ನು ಅವನು ಪ್ರತಿ ಸಲವೂ ತೆರೆಯಲೇಬೇಕು. ಆಮೇಲೆ ಬದಲಾಯಿಸುತ್ತೀರಾ ಅಂತ ಕೇಳಬೇಕು. "ಗೊತ್ತು", "ಲೇಬೇಕು" ಅನ್ನುವ ಮಾತನ್ನು ಜನ ಕೇಳಿಸಿಕೊಳ್ಳುವುದೇ ಇಲ್ಲ. ಗುಟ್ಟೆಲ್ಲ ಅಲ್ಲೇ ಇದೆ.

300 ಆಟ ಆಡಿದೆವು ಅಂದುಕೊಳ್ಳಿ. ಕಾರು ಸರಾಸರಿ 100 ಸಲ ಒಂದನೇ ಬಾಗಿಲ ಹಿಂದೆ, 100 ಸಲ ಎರಡನೆಯದರ ಹಿಂದೆ, 100 ಸಲ ಮೂರನೆಯದರ ಹಿಂದೆ. ನೀವು ಯಾವಾಗಲೂ ಒಂದನೇ ಬಾಗಿಲನ್ನೇ ಆರಿಸುತ್ತೀರಿ.

ಕಾರು ಒಂದರಲ್ಲೇ ಇರುವ 100 ಆಟಗಳಲ್ಲಿ ನಿರೂಪಕ ಎರಡನೇ ಬಾಗಿಲನ್ನಾದರೂ ತೆರೆಯಬಹುದು, ಮೂರನೆಯದನ್ನಾದರೂ ತೆರೆಯಬಹುದು. ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾನೆ ಅಂದುಕೊಂಡರೆ 50 ಸಲ ಎರಡು, 50 ಸಲ ಮೂರು. ಕಾರು ಎರಡರಲ್ಲಿದ್ದರೆ ಅವನಿಗೆ ಆಯ್ಕೆಯೇ ಇಲ್ಲ, 100 ಸಲವೂ ಮೂರನ್ನೇ ತೆರೆಯಬೇಕು. ಕಾರು ಮೂರರಲ್ಲಿದ್ದರೆ 100 ಸಲವೂ ಎರಡನ್ನೇ.

ಈಗ ನಿಮ್ಮ ಕಣ್ಣ ಮುಂದೆ ಮೂರನೇ ಬಾಗಿಲು ತೆರೆದುಕೊಂಡಿದೆ, ಮೇಕೆ ಕಾಣುತ್ತಿದೆ. ಹೀಗಾಗುವ ಆಟಗಳು ಎಷ್ಟು? ಕಾರು ಒಂದರಲ್ಲಿರುವ 50, ಕಾರು ಎರಡರಲ್ಲಿರುವ 100. ಒಟ್ಟು 150. ನೀವು ಜಾಗ ಬಿಡದೆ ನಿಂತರೆ 50 ಗೆಲ್ಲುತ್ತೀರಿ, ಬದಲಾಯಿಸಿದರೆ 100. ಎರಡನೇ ಬಾಗಿಲು ತೆರೆದಾಗಲೂ ಲೆಕ್ಕ ಇದೇ. ಉಳಿದ ಬಾಗಿಲು ಎರಡೇ, ನಿಜ. ಆದರೆ ಒಂದರ ಹಿಂದೆ 50 ಆಟ ನಿಂತಿವೆ, ಇನ್ನೊಂದರ ಹಿಂದೆ 100. ಎರಡು ಬಾಗಿಲು ಇವೆ ಅಂದ ಮಾತ್ರಕ್ಕೆ ಸಮಪಾಲು ಆಗಬೇಕಿಲ್ಲ, ಅಲ್ವಾ?

ಇಷ್ಟು ಹೇಳಿದ ಮೇಲೆ ಒಬ್ಬ ಅಪ್ಪ ಗೇಟಿನ ಹತ್ತಿರವೇ ನಿಂತು ಕೇಳಿದರು: "ನಿರೂಪಕನಿಗೆ ಗೊತ್ತಿದ್ರೇನು, ಗೊತ್ತಿಲ್ಲದಿದ್ರೇನು ಮೇಡಂ? ನನಗೆ ಕಂಡಿದ್ದು ಮೇಕೆ ತಾನೇ?" ಇದು ಒಳ್ಳೆಯ ಪ್ರಶ್ನೆ. ಫಿಫ್ಟಿ-ಫಿಫ್ಟಿ ಅನ್ನುವವರ ಮನಸ್ಸಿನಲ್ಲಿ ಇರುವುದೇ ಈ ಇನ್ನೊಂದು ಆಟ ಅಂತ ನನ್ನ ಅನುಮಾನ. ಅದನ್ನೂ ಎಣಿಸೋಣ.

ಈ ಸಲ ನಿರೂಪಕನಿಗೆ ಏನೂ ಗೊತ್ತಿಲ್ಲ. ಎರಡು ಮತ್ತು ಮೂರರಲ್ಲಿ ಯಾವುದನ್ನೋ ಕಣ್ಣುಮುಚ್ಚಿ ತೆರೆಯುತ್ತಾನೆ. ಕಾರು ಒಂದರಲ್ಲಿರುವ 100 ಆಟಗಳಲ್ಲಿ ಮೊದಲಿನಂತೆ 50 ಸಲ ಮೂರು ತೆರೆಯುತ್ತದೆ. ಕಾರು ಎರಡರಲ್ಲಿರುವ 100 ಆಟಗಳಲ್ಲೂ ಈಗ 50 ಸಲ ಮಾತ್ರ ಮೂರು ತೆರೆಯುತ್ತದೆ. ಉಳಿದ 50 ಸಲ ಅವನು ಎರಡನ್ನೇ ತೆರೆದು ಕಾರು ಬಯಲು ಮಾಡಿ ಆಟ ಕೆಡಿಸಿರುತ್ತಾನೆ. ಹಾಗಾಗಿ ಮೂರರಲ್ಲಿ ಮೇಕೆ ಕಂಡ ಆಟಗಳು 50 ಮತ್ತು 50, ಒಟ್ಟು ನೂರು. ಇಲ್ಲಿ ನಿಜವಾಗಿಯೂ ಫಿಫ್ಟಿ-ಫಿಫ್ಟಿ. ನಿಂತರೂ ಒಂದೇ, ಬದಲಾಯಿಸಿದರೂ ಒಂದೇ.

ಎರಡೂ ಆಟಗಳಲ್ಲಿ ನಿಮಗೆ ಕಂಡದ್ದು ಒಂದೇ ಮೇಕೆ. ಆದರೆ ಎರಡನೆಯದರಲ್ಲಿ, ಬದಲಾಯಿಸಿ ಗೆಲ್ಲಬೇಕಾಗಿದ್ದ ಆಟಗಳಲ್ಲಿ ಅರ್ಧ ಕೆಟ್ಟು ಹೋದವು. ಗೊತ್ತಿರುವ ನಿರೂಪಕ ಆ ಆಟಗಳನ್ನು ಕೆಡಲು ಬಿಡುವುದಿಲ್ಲ. ಕಾರನ್ನು ಬಿಟ್ಟು ಮೇಕೆಯ ಕಡೆಗೇ ಕೈ ಹಾಕುತ್ತಾನೆ. ಆ ಉಳಿದ 50 ಆಟಗಳೇ ನಿಮ್ಮ ಲಾಭ.

ಮನೆಯಲ್ಲಿ ಆಡಿ ನೋಡುವವರು ಎಡವುವುದೂ ಇಲ್ಲೇ. ಮೂರು ಇಸ್ಪೀಟು ಎಲೆ ತೆಗೆದುಕೊಳ್ಳಿ, ಒಂದು ಎಕ್ಕ ಇರಲಿ. ನಿರೂಪಕ ಆದವರು ಪ್ರತಿ ಸಲವೂ ಎಲೆಗಳನ್ನು ಮೊದಲೇ ನೋಡಿರಬೇಕು. ನೋಡದೆ ಒಂದನ್ನು ಮಗುಚಿ, ಎಕ್ಕ ಬಂದರೆ "ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ" ಅಂದರೆ ನೀವು ಎರಡನೇ ಆಟ ಆಡುತ್ತಿದ್ದೀರಿ. ಸರಿಯಾಗಿ ಆಡಿದರೆ 30 ಸಲ ಬದಲಾಯಿಸಿದಾಗ ಸರಾಸರಿ 20 ಗೆಲುವು ಬರಬೇಕು. 17 ಬಂದರೂ 23 ಬಂದರೂ ಗಾಬರಿ ಬೇಡ, ಅಷ್ಟು ಏರುಪೇರು ಸಹಜ. ಮತ್ತೆ ಮತ್ತೆ 15ರ ಆಸುಪಾಸಿನಲ್ಲೇ ನಿಂತರೆ ಎಲೆ ಮಗುಚುವವರ ಮೇಲೆ ಕಣ್ಣಿಡಿ.

ನಾಣ್ಯ ಚಿಮ್ಮುವ ನಿರೂಪಕನ ಬದಲು ಒಬ್ಬ ಸೋಮಾರಿ ಇದ್ದರೆ? ಎರಡನೇ ಮತ್ತು ಮೂರನೇ ಬಾಗಿಲು ಎರಡರ ಹಿಂದೆಯೂ ಮೇಕೆ ಇದ್ದಾಗ ಹತ್ತಿರದ ಎರಡನೇ ಬಾಗಿಲನ್ನೇ ತೆರೆಯುತ್ತಾನೆ ಅನ್ನಿ. ಆಗ ಅವನು ಮೂರನ್ನು ತೆರೆದರೆ ಕಾರು ಎರಡರಲ್ಲೇ ಇದೆ ಅಂತ ನಿಮಗೆ ಖಾತ್ರಿ: 100ಕ್ಕೆ 100. ಎರಡನ್ನು ತೆರೆದರೆ 200 ಆಟಗಳಲ್ಲಿ 100, ಅಂದರೆ ಸರಿಸಮ. ಒಟ್ಟು ಕೂಡಿದರೆ ಬದಲಾಯಿಸಿದವರಿಗೆ ಆಗಲೂ 300ಕ್ಕೆ 200 ಗೆಲುವು. ಎಲ್ಲೂ ನಷ್ಟ ಇಲ್ಲ.

ಈ ಒಗಟನ್ನು ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞರು 1975ರಲ್ಲಿ ಒಂದು ಪತ್ರಿಕೆಗೆ ಕಳಿಸಿದ್ದರು. ದೊಡ್ಡ ಗಲಾಟೆ ಎದ್ದದ್ದು 1990ರಲ್ಲಿ, ಅಮೆರಿಕದ ಪೆರೇಡ್ ಪತ್ರಿಕೆಯಲ್ಲಿ ಅಂಕಣಗಾರ್ತಿ ಮರ್ಲಿನ್ ವೋಸ್ ಸವಾಂತ್ ಬದಲಾಯಿಸಿ ಅಂತ ಬರೆದಾಗ. ಸಾವಿರಾರು ಪತ್ರ ಬಂದವು. ತಪ್ಪು ಅಂತ ಬರೆದವರಲ್ಲಿ ಪಿಎಚ್‌ಡಿ ಮಾಡಿದವರೂ ಕಡಿಮೆ ಇರಲಿಲ್ಲ. ಒಗಟಿಗೆ ಹೆಸರು ಬಂದದ್ದು ಟಿವಿ ನಿರೂಪಕ ಮಾಂಟಿ ಹಾಲ್ ಅವರಿಂದ. 1991ರಲ್ಲಿ ಒಬ್ಬ ಪತ್ರಕರ್ತರ ಜೊತೆ ಆಡಿ ತೋರಿಸುವಾಗ ಆತ ನಿಯಮಕ್ಕೇ ಕೈ ಹಾಕಿದರು: ಬಾಗಿಲು ತೆರೆಯಲೇಬೇಕು ಅಂತ ಯಾರು ಹೇಳಿದ್ದು?

ಆತನ ಮಾತು ಸರಿ. ನೀವು ಸರಿಯಾದ ಬಾಗಿಲು ಆರಿಸಿದಾಗ ಮಾತ್ರ ಬದಲಾಯಿಸುವ ಆಸೆ ತೋರಿಸಿ, ತಪ್ಪಿದಾಗ ನೇರವಾಗಿ ಮೇಕೆ ಕೊಟ್ಟು ಕಳಿಸುವ ನಿರೂಪಕನಿದ್ದರೆ, ಬದಲಾಯಿಸಿದವರು ಒಮ್ಮೆಯೂ ಗೆಲ್ಲುವುದಿಲ್ಲ. ಹಾಗಾಗಿ ಕೆಲಸದ ಇಂಟರ್‌ವ್ಯೂನಲ್ಲಿ ಇದನ್ನು ಕೇಳಿದರೆ ಏನು ಹೇಳಲಿ ಅನ್ನುವ ಹಳೆಯ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಮೂರರಲ್ಲಿ ಎರಡು ಅಂತ ಹೇಳುವ ಮೊದಲು, "ನಿರೂಪಕನಿಗೆ ಗೊತ್ತಾ, ಪ್ರತಿ ಸಲ ತೆರೆಯಲೇಬೇಕಾ?" ಅಂತ ವಾಪಸ್ ಕೇಳಿ.