ಹನ್ನೆರಡೂವರೆ ಇವಿ ಮತ್ತು ಮೂರು ಗೆರೆ

ಧಾರವಾಡದ ಸಪ್ತಾಪುರದಲ್ಲಿ ಭಾನುವಾರವೂ ಟ್ಯೂಷನ್‌ಗೆ ಬಿಡುವಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಸ್ವೆಟರ್ ಹಾಕಿಕೊಂಡೇ ಬಂದು ಕೂತ ದ್ವಿತೀಯ ಪಿಯುಸಿ ಹುಡುಗರಿಗೆ ಪರಮಾಣು ಪಾಠದ ವರ್ಕ್‌ಶೀಟ್ ಕೊಟ್ಟಿದ್ದೆ. ಒಟ್ಟು ಹದಿನೆಂಟು ಲೆಕ್ಕ. ಹದಿನೇಳು ಲೆಕ್ಕ ಸೂತ್ರಕ್ಕೆ ಅಂಕಿ ತುಂಬಿದರೆ ಮುಗಿಯುವಂಥವು, ಅವುಗಳಲ್ಲಿ ಹೆಚ್ಚು ಹೇಳುವಂಥದ್ದೇನೂ ಇರಲಿಲ್ಲ. ಉಳಿದ ಒಂದರ ಮೇಲೇ ಮಧ್ಯಾಹ್ನದವರೆಗೆ ಕೂತೆವು. ಅದು ಹಳೇ ಲೆಕ್ಕ, ಎಲ್ಲ ಗೈಡ್‌ಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ: 12.5 ಎಲೆಕ್ಟ್ರಾನ್ ವೋಲ್ಟ್, ಅಂದರೆ 12.5 ಇವಿ ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಕೋಣೆಯ ತಾಪದಲ್ಲಿರುವ ಹೈಡ್ರೋಜನ್ ಅನಿಲಕ್ಕೆ ಹಾಯಿಸಿದರೆ ಯಾವ ಯಾವ ತರಂಗದೂರದ ಬೆಳಕು ಹೊರಬರುತ್ತದೆ?

ಉತ್ತರ ಮೂರು ಗೆರೆ, ಅಂದರೆ ಮೂರು ತರಂಗದೂರದ ಬೆಳಕು. ಆದರೆ ತಪ್ಪಿದವರು ಒಂದೇ ರೀತಿ ತಪ್ಪಿರಲಿಲ್ಲ. ಕೆಲವರು ಆರು ಗೆರೆ ಬರೆದಿದ್ದರು, ಕೆಲವರು ಬೆಳಕೇ ಬರುವುದಿಲ್ಲ ಅಂದಿದ್ದರು, ಇನ್ನು ಕೆಲವರಿಗೆ ಮೂರು ಗೆರೆ ಬಂದರೂ ಅಂಕಿ ಕೆಟ್ಟಿತ್ತು.

ಆರು ಗೆರೆಯವರ ದಾರಿ ಹೀಗಿತ್ತು. ಎಲ್ಲ ಪರಮಾಣುಗಳೂ ಮೊದಲು ಗ್ರೌಂಡ್ ಸ್ಟೇಟ್‌ನಲ್ಲಿ, ಅಂದರೆ ಅತಿ ಕೆಳಗಿನ ಶಕ್ತಿಮಟ್ಟವಾದ −13.6 ಇವಿಯಲ್ಲಿ ಇರುತ್ತವೆ. ಅದಕ್ಕೆ 12.5 ಕೂಡಿಸಿದರೆ −1.1. ಇದನ್ನು −13.6/n² ಸೂತ್ರಕ್ಕೆ ಸಮ ಮಾಡಿದರೆ n² ಅಂದರೆ 12.36, n ಅಂದರೆ 3.52. ಇಲ್ಲಿಯ ತನಕ ತಪ್ಪಿಲ್ಲ. ಮುಂದೆ ಕೈ ತಾನಾಗಿಯೇ 4 ಅಂತ ಬರೆದುಬಿಡುತ್ತದೆ.

“ಸರ್, ಮೂರೂವರಿ ದಾಟೈತಲ್ರೀ. ರೌಂಡ್ ಮಾಡಿದ್ರ ನಾಕ ಆಗಂಗಿಲ್ಲೇನ್ರೀ?”

ಆಗುವುದಿಲ್ಲ. n ಅನ್ನುವುದು ಅಳತೆ ಮಾಡಿ ಹತ್ತಿರದ ಸಂಖ್ಯೆಗೆ ಸರಿಸುವ ವಸ್ತುವಲ್ಲ, ಅದು ಮೆಟ್ಟಿಲಿನ ಸಂಖ್ಯೆ. ಕಾಲು ನಾಲ್ಕನೇ ಮೆಟ್ಟಿಲು ಮುಟ್ಟಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಇಂಥ ಕಡೆ n ಎಷ್ಟೇ ದಶಾಂಶ ಬರಲಿ, ಕೆಳಗಿನ ಪೂರ್ಣಾಂಕವನ್ನೇ ಹಿಡಿಯಬೇಕು. 3.99 ಬಂದರೂ ಮೂರೇ.

ಅದಕ್ಕೇ ವರ್ಗಮೂಲ ತೆಗೆಯುವುದನ್ನೇ ಬಿಡಿಸಿ, ಹಾಳೆಯ ಅಂಚಿನಲ್ಲಿ ಮೊದಲು ಮೆಟ್ಟಿಲು ಬರೆಸಿದೆ. ಕೆಳಗಿನಿಂದ −13.6, −3.40, −1.51, −0.85, −0.544. ಪಕ್ಕದಲ್ಲಿ ಗ್ರೌಂಡ್ ಸ್ಟೇಟ್‌ನಿಂದ ಆಯಾ ಮೆಟ್ಟಿಲಿಗೆ ಏರಲು ಬೇಕಾದ ಶಕ್ತಿ: 10.2, 12.09, 12.75, 13.06. ಇಷ್ಟಾದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಮೂರನೇ ಮಟ್ಟಕ್ಕೆ 12.09 ಸಾಕು, ನಮ್ಮಲ್ಲಿ 12.5 ಇದೆ. ನಾಲ್ಕನೆಯದಕ್ಕೆ 12.75 ಬೇಕು, ಕಾಲು ಇವಿ ಕಡಿಮೆ ಬಿತ್ತು. ಪರಮಾಣು ಸಾಲ ಕೊಡುವುದಿಲ್ಲ.

ಬೆಳಕೇ ಬರುವುದಿಲ್ಲ ಎಂದವರ ತಪ್ಪು ಇದಕ್ಕಿಂತ ಒಳ್ಳೆಯ ತಪ್ಪು. ಪಾಠವನ್ನು ಓದಿಯೇ ಮಾಡಿದ ತಪ್ಪು ಅದು. ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “12.09ಕ್ಕ ಸರಿಯಾಗಿ 12.09 ಬೇಕಲ್ರೀ ಸರ್? ಹೆಚ್ಚಾದ್ರೂ ತೊಗೊಳ್ಳಂಗಿಲ್ಲ ಅಂತ ನೀವ ಹೇಳೀರಿ.” ಹೇಳಿದ್ದು ನಿಜ. ಆದರೆ ಹೇಳಿದ್ದು ಬೆಳಕಿನ ಕಣವಾದ ಫೋಟಾನ್ ಬಗ್ಗೆ. ಲೆಕ್ಕದಲ್ಲಿ ಇರುವುದು ಎಲೆಕ್ಟ್ರಾನ್.

ಫೋಟಾನ್ ಅಂದರೆ ಹರಿಯಲಾಗದ ಒಂದೇ ನೋಟು. ಹೀರಿಕೊಂಡರೆ ಇಡೀ ಫೋಟಾನನ್ನೇ ಹೀರಬೇಕು, ಅರ್ಧ ಹೀರಿ ಅರ್ಧ ಬಿಡುವಂತಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದ ಕಂಡಕ್ಟರ್ ಹಾಗೆ, ಟಿಕೆಟ್ಟಿಗೆ ಸರಿಹೊಂದುವ ನೋಟಾದರೆ ತೆಗೆದುಕೊಳ್ಳುತ್ತಾನೆ, ಇಲ್ಲವೆಂದರೆ ವಾಪಸ್. 12.5 ಇವಿಯ ಫೋಟಾನ್ ಗ್ರೌಂಡ್ ಸ್ಟೇಟ್‌ನಲ್ಲಿರುವ ಹೈಡ್ರೋಜನ್ ಪರಮಾಣುವನ್ನು ಎಕ್ಸೈಟ್ ಮಾಡದೆ ದಾಟಿ ಹೋಗುತ್ತದೆ, ಆ ಅಂಕಿಯ ಮೆಟ್ಟಿಲು ಅಲ್ಲಿ ಇಲ್ಲ. ಪ್ರಶ್ನೆಯಲ್ಲಿ ಫೋಟಾನ್ ಎಂದಿದ್ದರೆ ಆ ಹುಡುಗನ ಉತ್ತರಕ್ಕೆ ಪೂರ್ಣ ಅಂಕ. 13.6 ದಾಟಿದ ಮೇಲೆ ಮಾತ್ರ ಈ ಕಟ್ಟುಪಾಡು ಸಡಿಲಾಗುತ್ತದೆ. ಆಗ ಪರಮಾಣುವಿನ ಎಲೆಕ್ಟ್ರಾನ್ ಹೊರಗೇ ಹೋಗುತ್ತದೆ, ಮಿಕ್ಕ ಶಕ್ತಿಯನ್ನು ಚಲನಶಕ್ತಿಯಾಗಿ ತಾನೇ ಒಯ್ಯುತ್ತದೆ.

ಹೊರಗಿನಿಂದ ಬಂದು ಗುದ್ದುವ ಎಲೆಕ್ಟ್ರಾನಿನ ಕಥೆ ಬೇರೆ. ಅದರ ಹತ್ತಿರ ಪರ್ಸಿದೆ. ಬೇಕಾದಷ್ಟು ಕೊಟ್ಟು ಉಳಿದದ್ದನ್ನು ಕಿಸೆಯಲ್ಲಿಟ್ಟುಕೊಂಡು ಮುಂದೆ ಹೋಗುತ್ತದೆ. ಪರಮಾಣುವಿಗೆ 12.09 ಕೊಟ್ಟರೆ 0.41 ಇವಿ ಚಲನಶಕ್ತಿ ಅದರ ಬಳಿಯೇ ಉಳಿಯುತ್ತದೆ. 10.2 ಮಾತ್ರ ಕೊಟ್ಟು 2.3 ಉಳಿಸಿಕೊಂಡು ಹೋಗುವ ಎಲೆಕ್ಟ್ರಾನ್‌ಗಳೂ ಇರುತ್ತವೆ. ಏನೂ ಕೊಡದೆ ಬರೇ ದಿಕ್ಕು ಬದಲಿಸಿ ಹೋಗುವವೂ ಇವೆ. ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ, ಹಾಗಾಗಿ ಗುದ್ದಿದಾಗ ಪರಮಾಣು ಹಿಂದೆ ಸರಿಯುವುದರಲ್ಲಿ ಹೋಗುವ ಶಕ್ತಿಯನ್ನು ಇಲ್ಲಿ ಬಿಟ್ಟುಬಿಡಬಹುದು. ಫ್ರಾಂಕ್ ಮತ್ತು ಹರ್ಟ್ಜ್ 1914ರಲ್ಲಿ ಪಾದರಸದ ಆವಿಯಲ್ಲಿ ಕಂಡದ್ದು ಇದನ್ನೇ: ಎಲೆಕ್ಟ್ರಾನ್ 4.9 ಇವಿ ಮುಟ್ಟುವ ತನಕ ಪರಮಾಣು ಏನೂ ತೆಗೆದುಕೊಳ್ಳುವುದಿಲ್ಲ, ಮುಟ್ಟಿದ ಮೇಲೆ ಅಷ್ಟನ್ನೇ ಕಿತ್ತುಕೊಂಡು ಉಳಿದದ್ದನ್ನು ಎಲೆಕ್ಟ್ರಾನಿಗೇ ಬಿಡುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಬಂತು, ಬರಬೇಕಾದದ್ದೇ. 2.3 ಉಳಿಸಿಕೊಂಡ ಎಲೆಕ್ಟ್ರಾನ್ ಇನ್ನೊಂದು ಪರಮಾಣುವಿಗೆ ಗುದ್ದಿದರೆ? ಅದು ಗ್ರೌಂಡ್ ಸ್ಟೇಟ್‌ನಲ್ಲಿದ್ದರೆ ಏನೂ ಆಗದು, ಮೊದಲ ಮೆಟ್ಟಿಲಿಗೇ 10.2 ಬೇಕು. ಆಗಲೇ ಎರಡನೇ ಮಟ್ಟಕ್ಕೇರಿದ ಪರಮಾಣು ಎದುರಾದರೆ 1.89 ಕೊಟ್ಟು ಮೂರಕ್ಕೆ ಏರಿಸಬಹುದು, ಆದರೆ ಏರಿದ ಪರಮಾಣು ಸಾಮಾನ್ಯವಾಗಿ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಇಳಿದುಬಿಡುತ್ತದೆ. ಅಷ್ಟರೊಳಗೆ ಇನ್ನೊಂದು ಎಲೆಕ್ಟ್ರಾನ್ ಸಿಗುವುದು ಅಪರೂಪ. ವರ್ಕ್‌ಶೀಟಿನ ಲೆಕ್ಕದಲ್ಲಿ ಇದನ್ನು ಎಣಿಸುವುದಿಲ್ಲ.

ಹಾಗಾದರೆ ‘ಕೋಣೆಯ ತಾಪ’ ಎಂದು ಯಾಕೆ ಕೊಟ್ಟಿದ್ದಾರೆ? ಅರ್ಧದಷ್ಟು ಮಂದಿ ಅದಕ್ಕೆ ಅಡಿಗೆರೆ ಎಳೆದು ಸುಮ್ಮನೆ ಬಿಟ್ಟಿದ್ದರು. ಆ ತಾಪದಲ್ಲಿ ಕಣಗಳ ಬಳಿ ಇರುವ ಉಷ್ಣಶಕ್ತಿ ಸುಮಾರು 0.026 ಇವಿ. ಅದರಿಂದ 10.2ರ ಮೆಟ್ಟಿಲು ಏರುವ ಮಾತೇ ಇಲ್ಲ. ಎಲ್ಲ ಪರಮಾಣುಗಳೂ ಗ್ರೌಂಡ್ ಸ್ಟೇಟ್‌ನಿಂದಲೇ ಹೊರಡುತ್ತವೆ ಎಂದು ಧೈರ್ಯವಾಗಿ −13.6 ಬರೆಯಲು ಆ ಎರಡು ಪದ ಅಲ್ಲಿವೆ.

ಇನ್ನು ಇಳಿಯುವ ಲೆಕ್ಕ. ಮೂರರಿಂದ ಎರಡಕ್ಕೆ, ಮೂರರಿಂದ ಒಂದಕ್ಕೆ, ಎರಡರಿಂದ ಒಂದಕ್ಕೆ, ಇವೇ ಮೂರು ದಾರಿ. ಒಂದು ಪರಮಾಣು ಒಂದು ಸಲಕ್ಕೆ ಮೂರನ್ನೂ ಕೊಡುವುದಿಲ್ಲ, ಹೆಚ್ಚೆಂದರೆ ಎರಡು. ಮೂರು ಗೆರೆ ಕಾಣುವುದು ಬೇರೆ ಬೇರೆ ಪರಮಾಣುಗಳು ಬೇರೆ ಬೇರೆ ದಾರಿ ಹಿಡಿಯುವುದರಿಂದ. ಗೆರೆ ಎಣಿಸುವ n(n−1)/2 ಎಂಬ ಸೂತ್ರವನ್ನು ಬಾಯಿಪಾಠ ಮಾಡಿದವರು ಇದನ್ನು ಮರೆಯುತ್ತಾರೆ. ‘ಒಂದೇ ಪರಮಾಣು’ ಎಂದು ಪ್ರಶ್ನೆ ಬಂದಾಗ ಅಲ್ಲೇ ಅಂಕ ಹೋಗುತ್ತದೆ.

ತರಂಗದೂರಕ್ಕೆ ರಿಡ್ಬರ್ಗ್ ಸೂತ್ರ ಹಾಕಿದರೆ ಹೀಗೆ:

```
1/λ = R (1/n₁² − 1/n₂²),  R = 1.097 × 10⁷ m⁻¹

3 → 2 :  λ = 36/(5R) = 656.3 nm
2 → 1 :  λ = 4/(3R)  = 121.5 nm
3 → 1 :  λ = 9/(8R)  = 102.6 nm
```

ಮೊದಲನೆಯದು ಬಾಮರ್ ಶ್ರೇಣಿಯ ಕೆಂಪು ಗೆರೆ, ಉಳಿದೆರಡು ಲೈಮನ್ ಶ್ರೇಣಿಯವು, ನೇರಳಾತೀತ. R ಹಾಕದೆ 1240ನ್ನು ಇವಿಯಲ್ಲಿರುವ ಶಕ್ತಿಯಿಂದ ಭಾಗಿಸಿದರೂ ನ್ಯಾನೊಮೀಟರಿನಲ್ಲೇ ಉತ್ತರ ಬರುತ್ತದೆ: 1240/1.89 ಅಂದರೆ 656.1. ದಶಾಂಶದಲ್ಲಿ ಎರಡು ಅಂಶ ಆಚೀಚೆ ಆದದ್ದಕ್ಕೆ ಗಾಬರಿ ಬೇಡ, 1240, 13.6, 1.51 ಎಂದು ಅಂಕಿಗಳನ್ನು ಮೊಟಕು ಮಾಡಿದ್ದರಿಂದ ಬಂದದ್ದು ಅದು.

ಆದರೆ ಇದೇ ಮೊಟಕು ಮಾಡುವ ಚಟ ಮೇಲಿನ ಮಟ್ಟಗಳಲ್ಲಿ ಕಚ್ಚುತ್ತದೆ. ಅದೇ ಹಾಳೆಯಲ್ಲಿ ಆರರಿಂದ ಐದಕ್ಕೆ ಇಳಿಯುವ ಲೆಕ್ಕವೂ ಇತ್ತು. 0.544ರಲ್ಲಿ 0.378 ಕಳೆದರೆ 0.166, ತರಂಗದೂರ ಸುಮಾರು 7470 ನ್ಯಾನೊಮೀಟರ್. ರಿಡ್ಬರ್ಗ್ ಸೂತ್ರ 7458 ಕೊಡುತ್ತದೆ, ಸರಿಹೋಯಿತು. ಒಬ್ಬಳು 0.54ರಲ್ಲಿ 0.38 ಕಳೆದು 0.16 ಹಿಡಿದಳು, ಬಂದದ್ದು 7750. ಹತ್ತಿರ ಹತ್ತಿರದ ಎರಡು ಸಂಖ್ಯೆ ಕಳೆಯುವಾಗ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಮೇಲಿನ ಮಟ್ಟಗಳಿಗೆ 1/25, 1/36 ಎಂದು ಭಿನ್ನರಾಶಿಯಲ್ಲೇ ಇಟ್ಟು ಕೊನೆಗೆ ಒಮ್ಮೆ ಮಾತ್ರ ಭಾಗಿಸುವುದು ಲೇಸು.

ಮತ್ತೊಬ್ಬ 656.3 ಮತ್ತು 121.5 ಕೂಡಿಸಿ 777.8 ಬರೆದಿದ್ದ. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಕೂಡಿಸಿದರೆ ಮೂರರಿಂದ ಒಂದಕ್ಕೆ ಎಂಬುದು ಅವನ ವಾದ. ಕೂಡುವುದು ಶಕ್ತಿ, ತರಂಗದೂರವಲ್ಲ. ಕೂಡಿಸಬೇಕಾದದ್ದು 1/λ. 1/656.3 ಮತ್ತು 1/121.5 ಕೂಡಿಸಿ ತಿರುಗಿಸಿದರೆ ಸುಮಾರು 102.5 ಬರುತ್ತದೆ. ದೊಡ್ಡ ಜಿಗಿತಕ್ಕೆ ತರಂಗದೂರ ಚಿಕ್ಕದಾಗಲೇಬೇಕು, 777.8 ಕಂಡ ಕೂಡಲೇ ಅಲ್ಲಿ ಅನುಮಾನ ಬರಬೇಕಿತ್ತು. ಮೂರು ಗೆರೆ ಸಿಕ್ಕಾಗಲೆಲ್ಲ ಈ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಲ್ಯಾಬಿನಲ್ಲಿ ಇದನ್ನೇ ನೋಡಬಹುದಾ ಎಂದು ಒಬ್ಬಳು ಕೇಳಿದಳು. ಇದ್ದದ್ದಿದ್ದ ಹಾಗೆ ನೋಡಲಾಗದು. ಬಾಟಲಿಯ ಹೈಡ್ರೋಜನ್ ಕೋಣೆಯ ತಾಪದಲ್ಲಿ ಒಂಟಿ ಪರಮಾಣುವಾಗಿರುವುದಿಲ್ಲ, ಜೋಡಿ ಅಣುವಾಗಿರುತ್ತದೆ, ಅದನ್ನು ಒಡೆಯಲಿಕ್ಕೇ ಸುಮಾರು 4.5 ಇವಿ ಬೇಕು. ಪುಸ್ತಕ ಇದನ್ನು ಹೇಳದೆ ಪರಮಾಣುಗಳೇ ಇವೆ ಎಂದು ಹಿಡಿಯುತ್ತದೆ. ಡಿಸ್ಚಾರ್ಜ್ ಟ್ಯೂಬಿನಲ್ಲಿ ಹೆಚ್ಚಿನ ವೋಲ್ಟೇಜ್ ಹಾಕಿ ಅಣು ಒಡೆದೇ ಬಾಮರ್ ಗೆರೆ ನೋಡುವುದು. ಅಲ್ಲಿ ಎಲೆಕ್ಟ್ರಾನ್‌ಗಳ ಶಕ್ತಿ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಕೆಂಪಿನ ಜತೆ 486.1ರ ಹಸಿರು-ನೀಲಿ, 434.0ರ ನೇರಳೆ ಗೆರೆಗಳೂ ಬರುತ್ತವೆ, ಮಧ್ಯೆ ಅಣುವಿನ ಮಸುಕು ಗೆರೆಗಳೂ ಸೇರುತ್ತವೆ. ನಮ್ಮ 12.5 ಇವಿಯ ಲೆಕ್ಕದಲ್ಲಿ ಕಣ್ಣಿಗೆ ಸಿಗುವುದು ಕೆಂಪು ಒಂದೇ. ಹಸಿರು-ನೀಲಿ ಬೇಕೆಂದರೆ ನಾಲ್ಕನೇ ಮಟ್ಟ ಮುಟ್ಟಬೇಕು, 12.75.

ಹಾಳೆ ತಯಾರಿಸುವವರಿಗೂ ಇಲ್ಲಿ ಒಂದು ಮಾತಿದೆ. 12.5ರ ಬದಲು 12.4 ಕೊಟ್ಟು ನೋಡಿ: n 3.37 ಬರುತ್ತದೆ, ರೌಂಡ್ ಮಾಡಿದರೂ ಮೂರೇ. 12.9 ಕೊಟ್ಟರೆ 4.41, ರೌಂಡ್ ಮಾಡಿದರೂ ನಾಲ್ಕೇ. ತಪ್ಪು ವಿಧಾನಕ್ಕೆ ಪೂರ್ಣ ಅಂಕ ಸಿಕ್ಕಿಬಿಡುತ್ತದೆ, ತಪ್ಪು ಪರೀಕ್ಷೆಯ ದಿನದ ತನಕ ಹಾಗೇ ಕೂತಿರುತ್ತದೆ. ಮುಂದಿನ ಭಾನುವಾರದ ಹಾಳೆಗೆ 13.0 ಹಾಕಿದೆ. n 4.76, ರೌಂಡ್ ಮಾಡುವವರು ಐದಕ್ಕೆ ಹೋಗುತ್ತಾರೆ, ಐದಕ್ಕೆ 13.06 ಬೇಕು. ಕೆಳಗೆ ಅದೇ ಲೆಕ್ಕವನ್ನು ‘ಎಲೆಕ್ಟ್ರಾನ್’ ತೆಗೆದು ‘ಫೋಟಾನ್’ ಎಂದು ಬದಲಿಸಿ ಇನ್ನೊಮ್ಮೆ ಕೊಟ್ಟೆ. ಮೊದಲನೆಯದಕ್ಕೆ ಆರು ಗೆರೆ, ಎರಡನೆಯದಕ್ಕೆ ಒಂದೂ ಇಲ್ಲ.