ಮೂರು ವರ್ಷದ ಅಗ್ರಿಮೆಂಟ್, ಹದಿನೈದು ದಿನದ ನೋಟಿಸ್

ನಾನು ಮಂಗಳೂರಿನಲ್ಲಿ ಒಬ್ಬರು ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಂಪನಕಟ್ಟೆ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬರು ಒಂದು ದಿನ ಬಾಡಿಗೆ ಅಗ್ರಿಮೆಂಟ್ ಹಿಡಿದುಕೊಂಡು ಬಂದರು. ಅವಧಿ ಮೂರು ವರ್ಷ. ಹದಿನಾಲ್ಕು ತಿಂಗಳು ಕಳೆದಿತ್ತು ಅಷ್ಟೇ, ಮಾಲೀಕರು ಹದಿನೈದು ದಿನದಲ್ಲಿ ಖಾಲಿ ಮಾಡಿ ಎಂದು ನೋಟಿಸ್ ಕಳಿಸಿದ್ದರು.

"ಇ-ಸ್ಟ್ಯಾಂಪ್ ಉಂಟು, ನೋಟರಿಯೂ ಆಗಿದೆ. ಇನ್ನೆಂತ ಬೇಕು ಮಾರಾಯ್ರೆ?" ಎಂದು ಕೇಳಿದರು. ಕಪಾಟು, ಲೈಟು ಅಂತ ತುಂಬಾ ಖರ್ಚು ಮಾಡಿದ್ದರು ಪಾಪ.

ನಾನು ಮೊದಲು ಮೇಲಿನ ಹಾಳೆ ನೋಡಿದೆ. IN-KA ಎಂದು ಶುರುವಾಗುವ ನಂಬರ್, ಇಬ್ಬರ ಹೆಸರು, ಕಟ್ಟಿದ ಮೊತ್ತ 100 ರೂಪಾಯಿ. ಇ-ಸ್ಟ್ಯಾಂಪ್ ಹೇಳುವುದು ಇಷ್ಟೇ: ಈ ದಿನ ಸರ್ಕಾರಕ್ಕೆ ಇಷ್ಟು ಸುಂಕ ಸಂದಿದೆ. ಒಳಗೆ ಏನು ಬರೆದಿದೆ, ಯಾರು ಸಹಿ ಹಾಕಿದರು ಅನ್ನೋದು ಅದಕ್ಕೆ ಗೊತ್ತಿಲ್ಲ. ಮೂರು ವರ್ಷದ ಬಾಡಿಗೆಗೆ, ಅಷ್ಟು ದೊಡ್ಡ ಅಡ್ವಾನ್ಸ್‌ಗೆ ಆ ಸುಂಕ ಸಾಲುತ್ತಲೂ ಇರಲಿಲ್ಲ. ಕರ್ನಾಟಕದ ಸ್ಟ್ಯಾಂಪ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕಡಿಮೆ ಬಿದ್ದ ಸುಂಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟದೆ ಅಂಥ ಪತ್ರವನ್ನು ಕೋರ್ಟ್ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

ಕೊನೆಯ ಪುಟದಲ್ಲಿ ನೋಟರಿಯ ಕೆಂಪು ಸೀಲು, ರಿಜಿಸ್ಟರ್ ನಂಬರ್. ಈ ಇಬ್ಬರು ಈ ದಿನ ನನ್ನೆದುರು ಸಹಿ ಹಾಕಿದರು ಅಂತ ಅದರ ಅರ್ಥ. "ಸಹಿ ನನ್ನದಲ್ಲ" ಎಂದು ಮಾಲೀಕರು ಹೇಳಿದ್ದರೆ ಅದು ಕೆಲಸಕ್ಕೆ ಬರುತ್ತಿತ್ತು. ಆದರೆ ಅವರು ಸಹಿಯನ್ನು ಒಪ್ಪಿಕೊಂಡೇ ನೋಟಿಸ್ ಕೊಟ್ಟಿದ್ದರು, ಅಲ್ವಾ!

ಪೆಟ್ಟು ಬಿದ್ದದ್ದು ಇಲ್ಲಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಮಾಡಿಸದಿದ್ದರೆ ಮೂರು ವರ್ಷ ಅನ್ನೋ ಷರತ್ತಿಗೆ ಆ ಪತ್ರ ಸಾಕ್ಷಿಯಾಗುವುದಿಲ್ಲ. ಬಾಡಿಗೆ ತಿಂಗಳಿಂದ ತಿಂಗಳಿಗೆ ಅಂತ ಲೆಕ್ಕ, ಅದಕ್ಕೆ ಹದಿನೈದು ದಿನದ ನೋಟಿಸ್ ಸಾಕು. ಹನ್ನೊಂದು ತಿಂಗಳ ಅಗ್ರಿಮೆಂಟ್ ಎಲ್ಲರೂ ಮಾಡುವುದು ಇದೇ ಕಾರಣಕ್ಕೆ. ಈಗ ನೋಂದಣಿ ಮಾಡಿಸೋಣ ಎಂದರೆ, ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರ ಹಾಜರುಪಡಿಸಬೇಕಿತ್ತು, ದಂಡ ಕಟ್ಟಿದರೂ ಇನ್ನು ನಾಲ್ಕು ತಿಂಗಳು ಮಾತ್ರ. ಆ ಸಮಯ ಯಾವತ್ತೋ ಮುಗಿದಿತ್ತು.

ಅಡ್ವಾನ್ಸ್ ಮಾತ್ರ ಉಳಿಯಿತು, ಅದೂ ಅಗ್ರಿಮೆಂಟಿನಿಂದ ಅಲ್ಲ. ಬ್ಯಾಂಕ್ ಮೂಲಕ ಕೊಟ್ಟಿದ್ದರಿಂದ ಪಾಸ್‌ಬುಕ್‌ನಲ್ಲಿ ಆ ಸಾಲು ಇತ್ತು. ಮಾತಾಡಿ ವಾಪಸ್ ತೆಗೆಸಿಕೊಟ್ಟೆವು.

ಅವರು ಕಂಕನಾಡಿ ಕಡೆ ಬೇರೆ ಅಂಗಡಿ ಹಿಡಿದಾಗ ಮೂರು ವರ್ಷಕ್ಕೇ ನೋಂದಣಿ ಮಾಡಿಸಿದೆವು. ಇಬ್ಬರ ಫೋಟೋ, ಹೆಬ್ಬೆಟ್ಟು ಎಲ್ಲ ಆಯಿತು. ಆದರೆ ಅದಕ್ಕೂ ಮೊದಲು ನಾನು ಹೊಸ ಮಾಲೀಕರ ಹತ್ತಿರ ಖಾತಾ ಮತ್ತು ಋಣಭಾರ ಪತ್ರ ಅಂದರೆ ಇ.ಸಿ. ಕೇಳಿ ತರಿಸಿಕೊಂಡೆ. ಯಾಕೆಂದರೆ ಪತ್ರ ಬರೆದುಕೊಟ್ಟದ್ದು ಇವರೇ ಅಂತ ನೋಂದಣಿ ಹೇಳುತ್ತದೆ, ಅಂಗಡಿ ಇವರದೇ ಅಂತ ಹೇಳುವುದಿಲ್ಲ.