ಕರಡು ತಿದ್ದುವ ನಿಯಮಪಟ್ಟಿ: ‘ಜಾತ್ಯಾತೀತ’ದಿಂದ ‘ಬ್ಯಾಂಕಿ’ನವರೆಗೆ

ವರದಿ, ಪ್ರಬಂಧ, ಸುತ್ತೋಲೆಗಳ ಕರಡಿನಲ್ಲಿ ಮತ್ತೆ ಮತ್ತೆ ನುಸುಳುವ ಸಂಧಿದೋಷಗಳನ್ನು ಯಂತ್ರದಿಂದ ಹುಡುಕಿಸಿ, ಮನುಷ್ಯನ ಕೈಯಿಂದ ತಿದ್ದಿಸುವ ಪಟ್ಟಿಯ ಕೆಲಸ ಇದು. ತಾನಾಗಿ ತಿದ್ದುವ ಸೌಲಭ್ಯವನ್ನು ಬೇಕೆಂದೇ ಇಟ್ಟಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಮೊದಲು ಅಕ್ಷರ ಶುದ್ಧಿ

ಪದ ಹುಡುಕುವ ಮೊದಲು ಪಠ್ಯ ಒಂದೇ ರೂಪಕ್ಕೆ ಬರಬೇಕು. ಕಣ್ಣಿಗೆ ಒಂದೇ ಕಂಡರೂ ‘ಇಂದು’ ಮತ್ತು ‘ಇ೦ದು’ ಬೇರೆ ಬೇರೆ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಸೊನ್ನೆ. ‘ಕೊ’ ಎಂಬುದರ ಒತ್ವ ಕೂಡ ಕೆಲವು ಕಡತಗಳಲ್ಲಿ ಒಂದು ಸಂಕೇತ, ಕೆಲವದರಲ್ಲಿ ಎರಡು ತುಂಡು. ಇವೆರಡನ್ನೂ ಸರಿಪಡಿಸಲು ಇಷ್ಟು ಸಾಕು:

```python
import re, unicodedata

def clean(s):
    s = unicodedata.normalize("NFC", s)
    return re.sub("(?<=[\u0c85-\u0ccd])\u0ce6", "\u0c82", s)
```

ಅಕ್ಷರದ ಬೆನ್ನಿಗೇ ಬಂದ ಸೊನ್ನೆ ಮಾತ್ರ ಅನುಸ್ವಾರವಾಗುತ್ತದೆ. ‘೧೦’, ‘೨೦೦’ ಹಾಗೇ ಉಳಿಯುತ್ತವೆ. ಜಾಗ ಬಿಡದೆ ಅಕ್ಷರಕ್ಕೆ ಅಂಟಿಸಿದ, ಸೊನ್ನೆಯಿಂದ ಶುರುವಾಗುವ ಕನ್ನಡ ಅಂಕಿ (‘ಕ೦೧’ ಥರದ ಕಡತ ಸಂಖ್ಯೆ) ಇದ್ದರೆ ಮಾತ್ರ ಕೆಡುತ್ತದೆ.

ಇನ್ನೊಂದು ತೊಡಕು `\b`. ಪೈಥಾನಿನ `re` ಸ್ವರಚಿಹ್ನೆಗಳನ್ನೂ ವ್ಯಂಜನದ ಸ್ವರ ಕಳೆಯುವ ವಿರಾಮವನ್ನೂ ಪದದ ಭಾಗವೆಂದು ಎಣಿಸುವುದಿಲ್ಲ, ಹಾಗಾಗಿ ಪದದ ನಡುವೆಯೇ ಗಡಿ ಕಾಣುತ್ತದೆ. ಅದರ ಬದಲು ಪದದ ಆರಂಭಕ್ಕೆ `(?<![\u0c80-\u0cff])` ಬಳಸುತ್ತಿದ್ದೇವೆ.

ಯಣ್ ಸಂಧಿ: ಮುಗಿದಿದೆ

ಹೆಚ್ಚು ಫಲ ಕೊಟ್ಟ ನಿಯಮ ಇದು. ಪೂರ್ವಪದದ ಕೊನೆಯ ಇಕಾರ ಯಕಾರವಾಗುತ್ತದೆ, ಉತ್ತರಪದದ ಮೊದಲ ಸ್ವರ ಇದ್ದ ಹಾಗೇ ಉಳಿಯುತ್ತದೆ. ಜಾತಿ + ಅತೀತ ಎಂದರೆ ಜಾತ್ಯತೀತ. ಅದನ್ನು ‘ಜಾತ್ಯಾತೀತ’ ಎಂದು ಬರೆಯುವವರ ಕಿವಿಯಲ್ಲಿ ಇರುವುದು ಸವರ್ಣದೀರ್ಘದ ಮಾದರಿ: ಕಾಲ + ಅತೀತ = ಕಾಲಾತೀತ. ಅಲ್ಲಿ ಎರಡು ಅಕಾರ ಕೂಡಿ ದೀರ್ಘ ಬಂತು. ಇಲ್ಲಿ ಕೂಡಲು ಎರಡನೆಯ ಅಕಾರವೇ ಇಲ್ಲ.

ಮೊದಲ ಕರಡಿನಲ್ಲಿ ‘ತ್ಯಾ’ ಕಂಡಲ್ಲೆಲ್ಲ ಗುರುತು ಹಾಕುವಂತೆ ಬರೆದಿತ್ತು. ಅದು ಉಪಯೋಗಕ್ಕೆ ಬರಲಿಲ್ಲ. ಅತಿ + ಆಧುನಿಕ = ಅತ್ಯಾಧುನಿಕ ಸರಿ, ಜಾತಿ + ಆಧಾರಿತ = ಜಾತ್ಯಾಧಾರಿತವೂ ಸರಿ. ಸತ್ಯ + ಅಂಶ = ಸತ್ಯಾಂಶದಲ್ಲಿ ಯಣ್ ಸಂಧಿಯೇ ಇಲ್ಲ; ಯಕಾರ ಮೊದಲಿನಿಂದಲೂ ಇದೆ. ಆದ್ದರಿಂದ ಪೂರ್ವಪದ, ಉತ್ತರಪದ ಎರಡನ್ನೂ ಹೆಸರಿಸಲೇಬೇಕು:

```
ಅತ್ಯಾ(ಧಿಕ|ದ್ಭುತ|ಮೂಲ್ಯ|ಗತ್ಯ)|ಜಾತ್ಯಾತೀತ|ಗತ್ಯಾಂತರ|ಪ್ರತ್ಯಾಸ್ತ್ರ
```

ಇವೆಲ್ಲ ಹ್ರಸ್ವವಾಗಬೇಕು: ಅತ್ಯಧಿಕ, ಅತ್ಯದ್ಭುತ, ಅತ್ಯಮೂಲ್ಯ, ಅತ್ಯಗತ್ಯ, ಗತ್ಯಂತರ, ಪ್ರತ್ಯಸ್ತ್ರ. ‘ಅತ್ಯಾವಶ್ಯಕ’ವನ್ನು ಪಟ್ಟಿಗೆ ಸೇರಿಸಬೇಡಿ. ಮೂಲಪದ ‘ಆವಶ್ಯಕ’, ದೀರ್ಘ ಅದರದೇ. ‘ಅವಶ್ಯಕ’ ಎಂಬ ಬಳಕೆಯ ರೂಪಕ್ಕೆ ಒಗ್ಗಿದವರು ಇದನ್ನೇ ತಪ್ಪೆಂದು ಹೊಡೆದುಹಾಕುತ್ತಾರೆ.

ರೇಫದ ಮುಂದೆ ರೇಫ: ತೀರ್ಮಾನ ಭಾಗಶಃ

ರೇಫದ ಮುಂದೆ ಇನ್ನೊಂದು ರಕಾರ ಬಂದರೆ ಮೊದಲಿನದು ಲೋಪವಾಗಿ, ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ನಿರ್ + ರಸ ‘ನೀರಸ’ ಆಗುವುದು ಹೀಗೆ. ಅದೇ ನಿಯಮದಂತೆ ಅಂತರ್ + ರಾಷ್ಟ್ರೀಯ = ಅಂತಾರಾಷ್ಟ್ರೀಯ. ‘ಅಂತರ’ ಎಂಬ ಅಕಾರಾಂತ ಪದ ಹಿಡಿದರೆ ‘ಅಂತರರಾಷ್ಟ್ರೀಯ’ಕ್ಕೂ ಸಮರ್ಥನೆ ಸಿಗುತ್ತದೆ. ಯಾವ ದಾರಿಯಿಂದಲೂ ಬಾರದ ರೂಪ ‘ಅಂತರಾಷ್ಟ್ರೀಯ’: ಒಂದು ರಕಾರ ಹೋಗಿದೆ, ಅದರ ಬದಲಿಗೆ ಬರಬೇಕಾದ ದೀರ್ಘ ಬಂದಿಲ್ಲ. ಇದನ್ನು ತಪ್ಪೆಂದೇ ಗುರುತಿಸುತ್ತೇವೆ. ಉಳಿದೆರಡರಲ್ಲಿ ನಮ್ಮ ಆಯ್ಕೆ ಅಂತಾರಾಷ್ಟ್ರೀಯ. ಆದರೆ ಬರಹವಿಡೀ ‘ಅಂತರರಾಷ್ಟ್ರೀಯ’ ಇದ್ದರೆ ಮುಟ್ಟುವುದಿಲ್ಲ, ಎರಡೂ ಬೆರೆತಿದ್ದರೆ ಮಾತ್ರ ಎಚ್ಚರಿಕೆ.

ಪುನರ್ + ರಚನೆಯಲ್ಲಿ ನಿಯಮ ಹಿಡಿದರೆ ‘ಪುನಾರಚನೆ’. ಶಾಸ್ತ್ರ ಸರಿ, ಆದರೆ ಇವತ್ತಿನ ಓದುಗ ಅಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ಸದ್ಯಕ್ಕೆ ‘ಪುನಾರಚನೆ’, ‘ಪುನರ್ರಚನೆ’ ಎರಡೂ ರೂಪವನ್ನು ಹಾಗೇ ಬಿಟ್ಟಿದ್ದೇವೆ. ಅಂತರ್ಜಾಲದಲ್ಲಿ ಈ ಗೊಂದಲವಿಲ್ಲ, ಮುಂದೆ ರಕಾರವೇ ಇಲ್ಲವಲ್ಲ.

ಇಂಗ್ಲಿಷ್ ಪದಗಳು: ನಡೆಯುತ್ತಿದೆ

ಇಲ್ಲಿ ಸರಿ–ತಪ್ಪಿಗಿಂತ ಒಂದೇ ಬರಹದಲ್ಲಿ ಒಂದೇ ರೂಪ ಎಂಬುದೇ ಮುಖ್ಯ. ಹಾಗಾಗಿ ಮೊದಲ ಕೆಲಸ ಒಂದೇ ಪದದ ಭಿನ್ನ ರೂಪಗಳನ್ನು ಗುಂಪು ಮಾಡುವುದು. ಹೋಲಿಕೆಗೆಂದು ಒಂದು ಕೀಲಿ ರೂಪ ಮಾಡಿಕೊಳ್ಳುತ್ತೇವೆ:

```python
FOLD = str.maketrans("\u0cc0\u0cc2\u0cc7\u0ccb\u0c9d",
                     "\u0cbf\u0cc1\u0cc6\u0cca\u0c9c")

def key(w):
    w = re.sub("[\u200c\u200d]", "", w).translate(FOLD)
    return re.sub("\u0cc1$", "\u0ccd", w)
```

ಈ, ಊ, ಏ, ಓ ಸ್ವರಚಿಹ್ನೆಗಳ ದೀರ್ಘ ಹ್ರಸ್ವವಾಗುತ್ತದೆ, ಝಕಾರ ಜಕಾರವಾಗುತ್ತದೆ, ಕೊನೆಯ ಉಕಾರ ಹೋಗುತ್ತದೆ. ಪೊಲೀಸ್, ಪೋಲೀಸ್, ಪೊಲಿಸ್ ಒಂದೇ ಗುಂಪಿಗೆ ಬೀಳುತ್ತವೆ. ಝೂಮ್–ಜೂಮ್, ಬ್ಯಾಂಕ್–ಬ್ಯಾಂಕು ಕೂಡ. ಟೇಸ್ಟ್ ಮತ್ತು ಟೆಸ್ಟ್ ಕೂಡ ಒಂದಾಗಿಬಿಡುತ್ತವೆ! ತಾನಾಗಿ ತಿದ್ದಿಸದಿರುವುದಕ್ಕೆ ಇದೇ ಕಾರಣ. ಇಂಜಿನಿಯರ್–ಎಂಜಿನಿಯರ್, ಲೈಸೆನ್ಸ್–ಲೈಸನ್ಸ್ ಈ ಬಲೆಗೆ ಬೀಳುವುದಿಲ್ಲ, ಅವನ್ನು ಕೈಯಿಂದ ಸೇರಿಸಬೇಕು. ಎಂಜಿನಿಯರ್ ಎಂದು ನಿರ್ಧರಿಸಿದರೆ ಎಂಜಿನ್, ಎಂಜಿನಿಯರಿಂಗ್ ಕೂಡ ಅದೇ ದಾರಿ ಹಿಡಿಯಬೇಕು. ಪದವನ್ನು ಬಿಡಿಯಾಗಿ ತೀರ್ಮಾನಿಸಿದರೆ ಮುಂದಿನ ಪುಟದಲ್ಲೇ ತಾಳ ತಪ್ಪುತ್ತದೆ.

ಕಾಣದ ಜೋಡಕಗಳನ್ನು ಕೀಲಿಯಿಂದ ಮಾತ್ರ ತೆಗೆಯಬೇಕು, ಪಠ್ಯದಿಂದ ಅಲ್ಲ. ‘ಇಂಟರ್‌ನೆಟ್’ ನಡುವೆ U+200C ಇಲ್ಲದಿದ್ದರೆ ಅರ್ಕಾವತ್ತು ಮೂಡುತ್ತದೆ. ‘ರ‍್ಯಾಂಕ್’ನಲ್ಲಿ ರಕಾರಕ್ಕೂ ವಿರಾಮಕ್ಕೂ ನಡುವೆ U+200D ಇರಬೇಕು, ಇಲ್ಲವಾದರೆ ‘ರ್ಯಾಂಕ್’ ಆಗಿ ಅಲ್ಲೂ ಅರ್ಕಾವತ್ತೇ.

ವಿಭಕ್ತಿ ಹತ್ತಿದಾಗ ಇನ್ನೊಂದು ಸಮಸ್ಯೆ. ‘ಬ್ಯಾಂಕ್‌ನಲ್ಲಿ’ಯೋ ‘ಬ್ಯಾಂಕಿನಲ್ಲಿ’ಯೋ? ಉಕಾರ ಸೇರಿ ಕನ್ನಡದ್ದೇ ಆಗಿಹೋದ ಪದಗಳಿಗೆ ಎರಡನೆಯದನ್ನೇ ಆರಿಸಿದ್ದೇವೆ. ಓದಲು ಸಲೀಸು, ಕಾಣದ ಜೋಡಕದ ಕಾಟವೂ ಇಲ್ಲ. ಆಗ ದ್ವಿತ್ವದ ಲೆಕ್ಕ ಗಮನಿಸಬೇಕು: ಒಂದೇ ಉಚ್ಚಾರಾಂಶದ ಪದದಲ್ಲಿ ಹ್ರಸ್ವದ ಮುಂದೆ ಒಂಟಿ ವ್ಯಂಜನವಿದ್ದರೆ ಅದು ಇಮ್ಮಡಿಸುತ್ತದೆ. ಬಸ್ಸಿನಲ್ಲಿ, ಕ್ಲಬ್ಬಿನಲ್ಲಿ, ಚೆಕ್ಕಿನಲ್ಲಿ. ದೀರ್ಘವಿದ್ದರೆ ಇಮ್ಮಡಿಸದು: ಕಾರಿನಲ್ಲಿ, ಫೋನಿನಲ್ಲಿ. ಕೊನೆಯಲ್ಲಿ ಒತ್ತಕ್ಷರವಿದ್ದರೂ, ಬ್ಯಾಂಕಿನಂತೆ ಹಿಂದೆ ಅನುಸ್ವಾರವಿದ್ದರೂ ಇಲ್ಲ. ‘ಬಸಿನಲ್ಲಿ’, ‘ಕಾರ್ರಿನಲ್ಲಿ’ ಎರಡೂ ಕಿವಿಗೆ ತಟ್ಟನೆ ಚುಚ್ಚುತ್ತವೆ. ‘ಟಿಕೆಟ್ಟಿನ’ ಮಾತ್ರ ಈ ಲೆಕ್ಕ ಮೀರಿ ಬಳಕೆಯಲ್ಲಿ ಗಟ್ಟಿಯಾಗಿದೆ, ಅಪವಾದವೆಂದು ಬರೆದಿಟ್ಟಿದ್ದೇವೆ. ಸಾಫ್ಟ್‌ವೇರ್, ವೆಬ್‌ಸೈಟ್‌ನಂಥ ಹೊಸ, ಉದ್ದ ಪದಗಳಿಗೆ ಸದ್ಯ ‘‌ನಲ್ಲಿ’, ‘‌ಗೆ’ ಇರಲಿ.

ಒಂದು ವಾಕ್ಯದ ಪರೀಕ್ಷೆ

ಕೊಟ್ಟದ್ದು: “ಅಂತರಾಷ್ಟ್ರೀಯ ಬ್ಯಾಂಕ್‌ನಲ್ಲಿ ಇ೦ಜಿನಿಯರ್‌ಗಳಿಗೆ ಅತ್ಯಾಧಿಕ ಬೇಡಿಕೆಯಿದ್ದು, ಅತ್ಯಾಧುನಿಕ ಸಾಫ್ಟ್‌ವೇರ್ ಬಲ್ಲ ಎಂಜಿನಿಯರ್‌ಗಳು ಬ್ಯಾಂಕಿಗೆ ಬೇಕಾಗಿದ್ದಾರೆ.”

ಶುದ್ಧಿಯ ಹಂತದಲ್ಲೇ ‘ಇ೦ಜಿನಿಯರ್’ನ ಸೊನ್ನೆ ಹೋಯಿತು. ಅಂತರಾಷ್ಟ್ರೀಯ, ಅತ್ಯಾಧಿಕ ಎರಡಕ್ಕೂ ಗುರುತು ಬಿತ್ತು. ಅತ್ಯಾಧುನಿಕ ಸುರಕ್ಷಿತವಾಗಿ ದಾಟಿತು. ಇಂಜಿನಿಯರ್–ಎಂಜಿನಿಯರ್ ಬೆರಕೆಯನ್ನು ಕೈಪಟ್ಟಿ ಹಿಡಿಯಿತು. ‘ಬ್ಯಾಂಕ್‌ನಲ್ಲಿ’ ಮತ್ತು ‘ಬ್ಯಾಂಕಿಗೆ’ ಒಂದೇ ವಾಕ್ಯದಲ್ಲಿ ಎರಡು ಪದ್ಧತಿ ಹಿಡಿದಿರುವುದು ಮಾತ್ರ ತಪ್ಪಿಸಿಕೊಂಡಿತು, ಏಕೆಂದರೆ ಕೀಲಿ ವಿಭಕ್ತಿಯನ್ನು ಬಿಡಿಸುವುದಿಲ್ಲ.

ಮುಂದಿನ ಕೆಲಸ ಅದೇ: ‘‌ನಲ್ಲಿ/ಇನಲ್ಲಿ’, ‘‌ಗೆ/ಇಗೆ’, ‘‌ನ/ಇನ’ ಜೋಡಿಗಳನ್ನು ಕಿತ್ತು ಕೀಲಿ ಹಾಕುವುದು. ‘ಇನ’ ಕಿತ್ತರೆ ‘ದಿನ’ ಕೂಡ ತುಂಡಾಗುತ್ತದೆ, ಹಾಗಾಗಿ ಅದನ್ನು ಇಂಗ್ಲಿಷ್ ಪದಗಳ ಪಟ್ಟಿಗೆ ಸೇರಿದ ಪದಗಳಿಗೆ ಮಾತ್ರ ಅನ್ವಯಿಸಬೇಕು. ಸಂಸ್ಥೆಗಳು ತಾವೇ ಬರೆದುಕೊಳ್ಳುವ ಹೆಸರು, ಉದ್ಧರಣೆಯೊಳಗಿನ ಮಾತು ಇವೆರಡನ್ನು ಗುರುತಿನಿಂದ ಹೊರಗಿಡುವ ನಿಯಮವೂ ಬಾಕಿ ಇದೆ.